ಆರು ಪದ, ಹದಿಮೂರು ತುಂಡು: ಇಬ್ರಿಯ ವಚನಕ್ಕೆ ಸಾಲಡಿ ಟೀಕೆ ಬರೆಯುವ ಕ್ರಮ

ನಮ್ಮ ಶಾಲೆಗಳಲ್ಲಿ ಹಳಗನ್ನಡ ಪದ್ಯವನ್ನು ಕಲಿತವರೆಲ್ಲರೂ ಪ್ರತಿಪದಾರ್ಥವೆಂಬದನ್ನು ಬಲ್ಲರು. ಪದ್ಯದ ಒಂದೊಂದು ಪದವನ್ನೂ ಎತ್ತಿ, ಅದರ ಮುಂದೆ ಗೆರೆಯೆಳೆದು, ಹೊಸಗನ್ನಡದ ಅರ್ಥವನ್ನು ಬರೆಯುವದೇ ಆ ಕ್ರಮವು. ಇಬ್ರಿಯ ಅಥವಾ ಹೀಬ್ರು ಭಾಷೆಯ ವಚನವನ್ನು ಆ ಭಾಷೆಯನ್ನರಿಯದವರಿಗೂ ತಿಳಿಯುವಂತೆ ಬಿಡಿಸಿ ತೋರಿಸುವ ಸಾಲಡಿ ಟೀಕೆಯು ಇದಕ್ಕೆ ಹತ್ತಿರದ ಸಂಬಂಧಿಯೇ ಆಗಿದೆ. ಆದರೆ ಎರಡು ಸಂಗತಿಗಳಲ್ಲಿ ಅದು ಪ್ರತಿಪದಾರ್ಥದಿಂದ ಬೇರೆಯಾಗುತ್ತದೆ. ಪ್ರತಿಪದಾರ್ಥದಲ್ಲಿ ನಾವು ಅನ್ವಯಕ್ಕೆ ಅನುಸಾರವಾಗಿ ಪದಗಳನ್ನು ಹಿಂದುಮುಂದು ಮಾಡಿಕೊಳ್ಳುತ್ತೇವೆ; ಸಾಲಡಿ ಟೀಕೆಯಲ್ಲಿ ಮೂಲದ ಕ್ರಮವು ಕದಲಕೂಡದು. ಪ್ರತಿಪದಾರ್ಥವು ಪದದಲ್ಲಿಗೆ ನಿಲ್ಲುತ್ತದೆ. ಸಾಲಡಿ ಟೀಕೆಯು ಪದದ ಒಳಹೊಕ್ಕು ಪ್ರಕೃತಿ ಯಾವದು, ಪ್ರತ್ಯಯ ಯಾವದು ಎಂದು ಒಂದೊಂದು ತುಂಡಿಗೂ ಉತ್ತರವನ್ನು ಕೇಳುತ್ತದೆ.

ಈ ಕೆಲಸಕ್ಕಾಗಿ ಒಂದು ಅರ್ಧ ವಚನವನ್ನು ತೆಗೆದುಕೊಳ್ಳೋಣ. ರೂತಳ ಗ್ರಂಥದ ಮೊದಲನೆಯ ಅಧ್ಯಾಯ, ಹದಿನಾಲ್ಕನೆಯ ವಚನದ ಉತ್ತರಾರ್ಧವು. ಮೋವಾಬ್ ದೇಶದಿಂದ ಬೇತ್ಲೆಹೇಮಿಗೆ ಹಿಂದಿರುಗುವ ದಾರಿಯಲ್ಲಿ ನೊವೊಮಿಯು ತನ್ನ ಇಬ್ಬರು ವಿಧವೆ ಸೊಸೆಯರನ್ನು ತವರಿಗೆ ಹೋಗೆಂದು ಹೇಳಿದಳಷ್ಟೆ. ಆಗ ಹಿರಿಕಿರಿಯ ಸೊಸೆಯರು ಏನು ಮಾಡಿದರೆಂಬದನ್ನು ಮೂಲವು ಆರೇ ಪದಗಳಲ್ಲಿ ಹೇಳಿ ಮುಗಿಸುತ್ತದೆ. ಹಿರಿಕಿರಿಯರೆಂದದ್ದು ವಾಡಿಕೆಗೆ ಮಾತ್ರ. ಇಬ್ಬರಲ್ಲಿ ದೊಡ್ಡವಳು ಯಾರೆಂದು ಗ್ರಂಥವು ಹೇಳುವದಿಲ್ಲ. ಆ ಆರು ಪದಗಳಲ್ಲಿ ಒಬ್ಬ ಪುರುಷನೂ ಇಲ್ಲ, ಮೂವರೂ ಸ್ತ್ರೀಯರು. ಆದಕಾರಣ ಯಾರು ಯಾರಿಗೆ ಏನು ಮಾಡಿದರೆಂಬದು ಪ್ರತ್ಯಯಗಳ ಲೆಕ್ಕದಿಂದಲೇ ಗೊತ್ತಾಗಬೇಕು.

ಮೊದಲು ಲಿಪಿಯ ಪ್ರಶ್ನೆಯು. ಇಬ್ರಿಯವನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ, ಕನ್ನಡವನ್ನು ಎಡದಿಂದ ಬಲಕ್ಕೆ. ಮೇಲಿನ ಸಾಲು ಒಂದು ದಿಕ್ಕಿಗೂ ಕೆಳಗಿನ ಸಾಲು ಮತ್ತೊಂದು ದಿಕ್ಕಿಗೂ ಓಡಿದರೆ ಮೊದಲನೆಯ ಪದದ ಕೆಳಗೆ ಕೊನೆಯ ಪದದ ಅರ್ಥವು ಬಂದು ನಿಲ್ಲುವದು. ಆದದರಿಂದ ಇಬ್ರಿಯವನ್ನು ಕನ್ನಡಾಕ್ಷರಗಳಲ್ಲಿಯೇ ಬರೆದುಕೊಳ್ಳುವದು ಲೇಸು. ಆಗಲೂ ಜಾಗ್ರತೆ ಬೇಕು. ಇಬ್ರಿಯದಲ್ಲಿ ಎರಡು ಬಗೆಯ ಹಕಾರಗಳಿವೆ. ಗಂಟಲನ್ನು ಉಜ್ಜಿ ಬರುವದನ್ನು ಕೆಳಗೆ ಚುಕ್ಕೆಯಿಟ್ಟು ‘ಹ಼’ ಎಂದೂ, ಸುಲಭವಾದದ್ದನ್ನು ‘ಹ’ ಎಂದೂ ಬರೆಯುವೆವು. ಬಕಾರವು ಕೆಲವೆಡೆ ವಕಾರದಂತೆ ನುಡಿಯಲ್ಪಡುತ್ತದೆ. ಆದರೆ ಬೇರೊಂದು ವಕಾರವು ಈ ವಚನದಲ್ಲಿಯೇ ಇರುವದರಿಂದ, ಗೊಂದಲವಾಗದ ಹಾಗೆ ಎಲ್ಲೆಲ್ಲಿಯೂ ‘ಬ’ ಎಂದೇ ಇಡುವೆವು. ಹೀಗೆ ಮಾಡಿದಲ್ಲಿ ಆರು ಪದಗಳು ಇವು: ವತ್ತಿಶ್ಶಕ್, ಒರ್ಪಾ, ಲಹ಼ಮೋತಾಹ್, ವೆರೂತ್, ದಾಬೆಕಾ, ಬಾಹ್.

ಇನ್ನು ತುಂಡರಿಸುವದು. ಇಲ್ಲಿ ಕನ್ನಡ ಬರೆಯುವವರಿಗೆ ಮಾತ್ರ ಬರುವ ಒಂದು ತೊಡಕುಂಟು. ನಮ್ಮ ಲಿಪಿಯಲ್ಲಿ ವ್ಯಂಜನವೂ ಸ್ವರವೂ ಸೇರಿ ಒಂದೇ ಅಕ್ಷರವಾಗುತ್ತದೆ. ಪ್ರತ್ಯಯವಾದರೋ ಅನೇಕವೇಳೆ ಆ ಅಕ್ಷರದ ನಡುವೆಯೇ ಆರಂಭವಾಗುತ್ತದೆ. ‘ನಡೆದಳು’ ಎಂಬದನ್ನು ಅಕ್ಷರಕ್ಕೆ ಅನುಸಾರವಾಗಿ ಕಡಿದರೆ ನಡೆ-ದ-ಳು ಎಂದಾಗುವದು. ವ್ಯಾಕರಣಕ್ಕೆ ಅನುಸಾರವಾಗಿ ಕಡಿದರೆ ನಡೆ-ದ್-ಅಳು. ‘ಹ಼ಮೋತಾಹ್’ ಎಂಬದನ್ನೂ ಹಾಗೆಯೇ ಹ಼ಮೋತ್-ಆಹ್ ಎಂದು ಬಿಡಿಸಬೇಕು. ಅರ್ಧಾಕ್ಷರವು ನೋಡಲು ಚಂದವಲ್ಲವೆಂದು ಸಂಕೋಚಪಟ್ಟು ‘ತಾ’ವನ್ನು ಇಡಿಯಾಗಿ ಒಂದು ಕಡೆಗೆ ತಳ್ಳಿದರೆ, ಅತ್ತೆಯೂ ‘ಅವಳ’ ಎಂಬ ಸರ್ವನಾಮವೂ ಬೇರ್ಪಡುವದೇ ಇಲ್ಲ.

ಮೊದಲನೆಯ ಪದವು ಎಲ್ಲಕ್ಕಿಂತ ಕಠಿಣವಾದದ್ದು. ಅಲ್ಲಿಯೇ ಸ್ವಲ್ಪ ಹೊತ್ತು ನಿಲ್ಲೋಣ. ‘ವತ್ತಿಶ್ಶಕ್’ ಎಂಬದರಲ್ಲಿ ಎರಡು ದ್ವಿತ್ವಗಳಿವೆ, ಎರಡಕ್ಕೂ ಕಾರಣವು ಬೇರೆ ಬೇರೆ. ಶಕಾರದ ದ್ವಿತ್ವವು ಸಂಧಿಯಿಂದ ಬಂದದ್ದು. ಇದರ ಧಾತುವು ನ್, ಶ್, ಕ್ ಎಂಬ ಮೂರು ವ್ಯಂಜನಗಳುಳ್ಳದ್ದು, ಅರ್ಥವು ಮುದ್ದಿಡುವದು. ಮುಂದೆ ‘ತಿ’ ಸೇರಿದಾಗ ‘ತಿನ್ಶಕ್’ ಎಂದಾಗತಕ್ಕದ್ದು ‘ತಿಶ್ಶಕ್’ ಎಂದಾಯಿತು; ನಕಾರವು ಮುಂದಿನ ಶಕಾರದಲ್ಲಿ ಲೀನವಾಯಿತು. ಉತ್ ಎಂಬದೂ ಲೇಖ ಎಂಬದೂ ಸೇರಿ ಉಲ್ಲೇಖವಾಗುವದನ್ನು ಕಂಡವರಿಗೆ ಇದು ಹೊಸದಲ್ಲ. ಆದರೆ ನಿಘಂಟನ್ನು ತೆರೆದು ಶಕಾರದ ಕೆಳಗೆ ಈ ಧಾತುವನ್ನು ಹುಡುಕುವವರಿಗೆ ಅದು ಸಿಕ್ಕುವದಿಲ್ಲ. ನಕಾರದ ಕೆಳಗೆ ನೋಡಬೇಕು. ಇಬ್ರಿಯ ಕ್ರಿಯಾಪದದಲ್ಲಿ ಎರಡೇ ಧಾತುವ್ಯಂಜನಗಳು ಕಂಡು, ಅವುಗಳಲ್ಲಿ ಮೊದಲನೆಯದು ದ್ವಿತ್ವವಾಗಿದ್ದರೆ, ನುಂಗಿಹೋದ ನಕಾರವನ್ನು ಮೊದಲು ಸಂಶಯಪಡತಕ್ಕದ್ದು.

ತಕಾರದ ದ್ವಿತ್ವವಾದರೋ ಅರ್ಥವುಳ್ಳದ್ದು. ‘ವೆತಿಶ್ಶಕ್’ ಎಂದು ಸರಳವಾಗಿ ಬರೆದಿದ್ದರೆ ‘ಮತ್ತು ಅವಳು ಮುದ್ದಿಡುವಳು’ ಎಂದು ಭವಿಷ್ಯದ ಕಡೆಗೆ ಅರ್ಥವು ತಿರುಗುತ್ತಿತ್ತು. ‘ವೆ’ ಎಂಬದು ‘ವ’ ಎಂದಾಗಿ, ಮುಂದಿನ ತಕಾರವು ಇಮ್ಮಡಿಯಾದಾಗ, ನಡೆದುಹೋದ ಕಥೆಯ ಮುಂದಿನ ಹೆಜ್ಜೆಯನ್ನು ಹೇಳುವ ರೂಪವು ಉಂಟಾಗುತ್ತದೆ: ‘ಆಗ ಅವಳು ಮುದ್ದಿಟ್ಟಳು’. ಆ ಇಮ್ಮಡಿಯು ‘ವ’ ಎಂಬುದರ ಪಾಲಿಗೆ ಸೇರಿದ್ದಾದ್ದರಿಂದ, ಕಡಿಯುವಾಗ ‘ವತ್-ತಿ-ಶ್ಶಕ್’ ಎಂದೇ ಕಡಿಯತಕ್ಕದ್ದು, ‘ವ-ತ್ತಿ’ ಎಂದಲ್ಲ. ನಡುವಿನ ‘ತಿ’ ಎಂಬದು ಕರ್ತೃವನ್ನು ಸೂಚಿಸುತ್ತದೆ. ಅದು ‘ಅವಳು’ ಎಂದೂ ಆಗಬಹುದು, ಪುರುಷನನ್ನು ಉದ್ದೇಶಿಸಿದ ‘ನೀನು’ ಎಂದೂ ಆಗಬಹುದು, ರೂಪದಲ್ಲಿ ಭೇದವಿಲ್ಲ. ಮುಂದಿನ ಪದವು ಒರ್ಪಾ ಎಂಬ ಸ್ತ್ರೀನಾಮವಾಗಿರುವದರಿಂದಲೇ ನಾವು ‘ಅವಳು’ ಎಂದು ನಿಶ್ಚಯಿಸುತ್ತೇವೆ.

ಈಗ ಸಂಕ್ಷೇಪಗಳ ವಿಷಯವು. ಟೀಕೆಯ ಸಾಲಿನಲ್ಲಿ ‘ಪ್ರಥಮಪುರುಷ ಏಕವಚನ ಸ್ತ್ರೀಲಿಂಗ’ ಎಂದು ನಾಲ್ಕು ಸಾರಿ ಬರೆದರೆ ಸಾಲುಗಳು ಒಂದರ ಕೆಳಗೊಂದು ನಿಲ್ಲಲಾರವು. ಸಂಕ್ಷೇಪಿಸುವ ಪದ್ಧತಿಯು ಕರಾವಳಿಗೆ ಹೊಸದಲ್ಲ. ೧೮೪೧ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಶನ್ ಮುದ್ರಣಾಲಯದಿಂದ ೧೮೯೪ರಲ್ಲಿ ಹೊರಬಂದ ಫೆರ್ಡಿನಾಂಡ್ ಕಿಟೆಲ್ ಅವರ ಕನ್ನಡ ನಿಘಂಟನ್ನು ತೆರೆದವರು, ತುಳು, ತೆಲುಗು, ತಮಿಳುಗಳ ಹೆಸರುಗಳು ಒಂದೆರಡು ಅಕ್ಷರಗಳಿಗೆ ಇಳಿದಿರುವದನ್ನು ಕಂಡಿರುವರು. (ಇಬ್ರಿಯ ಗ್ರಂಥಪಾಠವನ್ನು ೧೯೦೬ರಲ್ಲಿ ಸಂಪಾದಿಸಿ ಹೊರಡಿಸಿದ ಕಿಟೆಲರು ಬೇರೆ, ಅವರ ಹೆಸರು ರೂಡಾಲ್ಫ್. ಇಬ್ಬರನ್ನೂ ಒಬ್ಬರೆಂದು ಭಾವಿಸುವವರು ಇಂದಿಗೂ ಉಂಟು.) ಲೋಕದ ಭಾಷಾಶಾಸ್ತ್ರಜ್ಞರು ಇಂದು ಹೆಚ್ಚಾಗಿ ಅನುಸರಿಸುವದು ಲೈಪ್‌ಜಿಗ್ ನಿಯಮಗಳೆಂಬ ಹತ್ತು ನಿಯಮಗಳನ್ನು. ಅವುಗಳಲ್ಲಿ ನಮಗೆ ಇಲ್ಲಿ ಬೇಕಾದವು ಎರಡೇ. ಮೇಲಿನ ಸಾಲಿನಲ್ಲಿ ಅಡ್ಡಗೆರೆಯಿಂದ ಎಷ್ಟು ತುಂಡುಗಳನ್ನು ಮಾಡಿರುವೆವೋ ಕೆಳಗಿನ ಸಾಲಿನಲ್ಲಿಯೂ ಅಷ್ಟೇ ತುಂಡುಗಳಿರಬೇಕು ಎಂಬದು ಒಂದು. ಮೇಲಿನ ಒಂದು ತುಂಡಿಗೆ ಕೆಳಗೆ ಎರಡು ಮೂರು ಸಂಗತಿಗಳನ್ನು ಹೇಳಬೇಕಾದಾಗ ಅವುಗಳ ನಡುವೆ ಗೆರೆಯನ್ನಲ್ಲ, ಚುಕ್ಕೆಯನ್ನಿಡಬೇಕು ಎಂಬದು ಇನ್ನೊಂದು.

ಆ ನಿಯಮಗಳ ಸಂಕ್ಷೇಪಗಳನ್ನು ಮಾತ್ರ ಹಾಗೆಯೇ ಎತ್ತಿಕೊಳ್ಳಲಾಗದು. ಪಾಶ್ಚಾತ್ಯರು ‘ಅವಳು’ ಎಂಬುದನ್ನು ಮೂರನೆಯ ಪುರುಷವೆಂದು ಎಣಿಸಿ ೩ ಎಂಬ ಅಂಕೆಯನ್ನು ಹಾಕುತ್ತಾರೆ. ಕೇಶಿರಾಜನ ಕಾಲದಿಂದ ನಮ್ಮ ವ್ಯಾಕರಣಕ್ಕೆ ಅದೇ ಪ್ರಥಮ ಪುರುಷ. ಅಂಕೆಯನ್ನು ಬರೆದರೆ ನಮ್ಮ ಹುಡುಗಿಯರಲ್ಲಿ ಅರ್ಧ ಮಂದಿ ಉತ್ತಮ ಪುರುಷವೆಂದು ಓದಿಯಾರು. ಆದಕಾರಣ ಅಂಕೆಯನ್ನು ಬಿಟ್ಟು ‘ಪ್ರ’ ಎಂಬ ಅಕ್ಷರವನ್ನೇ ಇಡುವದು ಕ್ಷೇಮವು. ನಮಗೆ ಬೇಕಾದ ಸಂಕ್ಷೇಪಗಳು ಇಷ್ಟೇ: ‘ಪ್ರ’ ಪ್ರಥಮ ಪುರುಷಕ್ಕೆ, ‘ಏ’ ಏಕವಚನಕ್ಕೆ, ‘ಸ್ತ್ರೀ’ ಸ್ತ್ರೀಲಿಂಗಕ್ಕೆ, ‘ಸರ್ವ’ ಸರ್ವನಾಮಕ್ಕೆ, ‘ಸಮು’ ಸಮುಚ್ಚಯಕ್ಕೆ, ‘ಕಥ’ ಮೇಲೆ ಹೇಳಿದ ಕಥನರೂಪಕ್ಕೆ, ‘ಪೂರ್ಣ’ ಮುಗಿದ ಕ್ರಿಯೆಯ ರೂಪಕ್ಕೆ. ಅಂಕಿತನಾಮಗಳಿಗೆ ಸಂಕ್ಷೇಪವೇ ಬೇಡ. ಹೆಸರನ್ನು ಕೆಳಗೂ ಹಾಗೆಯೇ ಬರೆದರಾಯಿತು.

ಮೊದಲನೆಯ ಮೂರು ಪದಗಳ ಟೀಕೆಯು ಹೀಗಿರುವದು. ಮೊದಲ ಸಾಲು ಓದುವದಕ್ಕೆ, ಎರಡನೆಯದು ತುಂಡರಿಸಿದ್ದು, ಮೂರನೆಯದು ಟೀಕೆ.

| ಓದು | ವತ್ತಿಶ್ಶಕ್ | ಒರ್ಪಾ | ಲಹ಼ಮೋತಾಹ್ |
|---|---|---|---|
| ತುಂಡು | ವತ್-ತಿ-ಶ್ಶಕ್ | ಒರ್ಪಾ | ಲ-ಹ಼ಮೋತ್-ಆಹ್ |
| ಟೀಕೆ | ಸಮು.ಕಥ-ಪ್ರ.ಏ.ಸ್ತ್ರೀ-ಮುದ್ದಿಡು | ಒರ್ಪಾ | ಗೆ-ಗಂಡನ.ತಾಯಿ-ಪ್ರ.ಏ.ಸ್ತ್ರೀ.ಸರ್ವ |

ಮೂರನೆಯ ಪದವನ್ನು ನೋಡಿರಿ: ಗೆ, ಅತ್ತೆ, ಅವಳ. ಕನ್ನಡದಲ್ಲಿ ‘ಅವಳ ಅತ್ತೆಗೆ’ ಎನ್ನುತ್ತೇವೆ. ಕನ್ನಡಿಯಲ್ಲಿ ಕಂಡ ಪ್ರತಿಬಿಂಬದಂತೆ ಕ್ರಮವು ಪೂರ್ಣವಾಗಿ ತಿರುಗಿದೆ. ನಾವು ಕೊನೆಯಲ್ಲಿಡುವ ವಿಭಕ್ತಿಯನ್ನು ಇಬ್ರಿಯರು ತಲೆಯಲ್ಲಿಟ್ಟರು. ಟೀಕೆಯನ್ನು ಬರೆಯುವವರ ಕೈಯು ಇಲ್ಲಿ ತನ್ನಷ್ಟಕ್ಕೆ ಕನ್ನಡದ ಕಡೆಗೆ ಹರಿಯುವದು. ಹರಿಯಗೊಡಬಾರದು. ಕನ್ನಡವಾಗಿ ಓದಿಸುವದು ಕೆಳಗೆ ಬರುವ ಸರಳಾನುವಾದದ ಕೆಲಸವು.

ಅದೇ ಪದದಲ್ಲಿ ಇನ್ನೊಂದು ಬಲೆಯುಂಟು. ಇಬ್ರಿಯದಲ್ಲಿ ‘ಆ ಅತ್ತೆ’ ಎಂಬಂತೆ ನಿರ್ದೇಶಿಸುವ ಒಂದು ಉಪಪದವಿದೆ. ಅದು ‘ಲ್’ ಎಂಬುದರೊಂದಿಗೆ ಸೇರಿದಾಗ ಬಹುಮಟ್ಟಿಗೆ ‘ಲ’ ಎಂದೇ ಕೇಳಿಸುತ್ತದೆ. ಆದ್ದರಿಂದ ಹೊಸಬರು ಇಲ್ಲಿಯೂ ಆ ಉಪಪದವು ಅಡಗಿದೆಯೆಂದು ಬರೆಯುವದುಂಟು. ಅದು ಸಲ್ಲದು, ಗುರುತು ಸುಲಭವಾಗಿದೆ. ಪದದ ಕೊನೆಯಲ್ಲಿ ‘ಅವಳ’ ಎಂಬ ಸರ್ವನಾಮವು ಅಂಟಿದ್ದರೆ ತಲೆಯಲ್ಲಿ ಆ ಉಪಪದವು ಬರುವದಿಲ್ಲ. ‘ಲ’ ಎಂಬಲ್ಲಿನ ಅಕಾರವು ಮುಂದಿನ ಗಂಟಲಿನ ಹಕಾರದ ಸ್ವರಕ್ಕೆ ಹೊಂದಿಕೊಂಡು ಬಂದದ್ದು ಮಾತ್ರ.

ಟೀಕೆಯಲ್ಲಿ ‘ಅತ್ತೆ’ ಎಂದು ಬರೆಯದೆ ‘ಗಂಡನ.ತಾಯಿ’ ಎಂದು ಏಕೆ ಬರೆದಿರೆಂದು ವಿಟ್ಲ ಸೀಮೆಯ ತಾಯಂದಿರು ಕೇಳಿಯಾರು. ನಮ್ಮ ಅತ್ತೆಯು ಬಹು ದೊಡ್ಡ ಪದವು. ತಂದೆಯ ಅಕ್ಕತಂಗಿಯರೂ ಅತ್ತೆಯರೇ, ಸೋದರಮಾವನ ಹೆಂಡತಿಯೂ ಅತ್ತೆಯೇ, ಗಂಡನ ತಾಯಿಯೂ ಹೆಂಡತಿಯ ತಾಯಿಯೂ ಅತ್ತೆಯೇ. ತುಳುವಿನ ‘ಮಾಮಿ’ಯೂ ಒಬ್ಬಳಲ್ಲ. ಸೋದರಿಕೆಯ ಮದುವೆಗಳು ನಡೆಯುತ್ತಿದ್ದ ಮನೆಗಳಲ್ಲಿ ಇವರಲ್ಲಿ ಇಬ್ಬರು ಒಬ್ಬರೇ ಆಗಿರುವದೂ ಉಂಟು. ಇಬ್ರಿಯದ ‘ಹ಼ಮೋತ್’ ಎಂಬದಾದರೋ ಗಂಡನ ತಾಯಿಯೊಬ್ಬಳೇ. ಹೆಂಡತಿಯ ತಾಯಿಗೆ ಅಲ್ಲಿ ಬೇರೆ ಪದವಿದೆ. ಒಂದೇ ತುಂಡಿಗೆ ಎರಡು ಕನ್ನಡ ಪದಗಳು ಬೇಕಾದವಾಗಿ ನಡುವೆ ಚುಕ್ಕೆಯನ್ನಿಟ್ಟೆವು. ಅಲ್ಲಿ ಗೆರೆಯನ್ನು ಹಾಕಿದ್ದರೆ ಕೆಳಗಿನ ಸಾಲಿನಲ್ಲಿ ಒಂದು ತುಂಡು ಹೆಚ್ಚಾಗಿ, ‘ತಾಯಿ’ಯು ‘ಆಹ್’ ಎಂಬುದರ ಅರ್ಥವೆಂದು ಓದುವವರು ತಿಳಿಯುತ್ತಿದ್ದರು.

ಇನ್ನುಳಿದ ಮೂರು ಪದಗಳು:

| ಓದು | ವೆರೂತ್ | ದಾಬೆಕಾ | ಬಾಹ್ |
|---|---|---|---|
| ತುಂಡು | ವೆ-ರೂತ್ | ದಾಬೆಕ್-ಆ | ಬ್-ಆಹ್ |
| ಟೀಕೆ | ಸಮು-ರೂತ್ | ಅಂಟಿಕೊಳ್ಳು.ಪೂರ್ಣ-ಪ್ರ.ಏ.ಸ್ತ್ರೀ | ಅಲ್ಲಿ-ಪ್ರ.ಏ.ಸ್ತ್ರೀ.ಸರ್ವ |

ಸರಳಾನುವಾದ: ಒರ್ಪಳು ಗಂಡನ ತಾಯಿಗೆ ಮುತ್ತಿಟ್ಟಳು, ರೂತಳೋ ಅವಳನ್ನು ಬಿಡದೆ ಅಂಟಿನಿಂತಳು.

ಒರ್ಪಾ, ದಾಬೆಕಾ, ಹ಼ಮೋತಾಹ್, ಬಾಹ್ ಎಂಬ ನಾಲ್ಕು ಪದಗಳೂ ಇಬ್ರಿಯ ಬರವಣಿಗೆಯಲ್ಲಿ ಹಕಾರದಿಂದ ಕೊನೆಗೊಳ್ಳುತ್ತವೆ. ಬಿಡಿಸಿ ನೋಡದವರಿಗೆ ಇವೆಲ್ಲ ಒಂದೇ ಪ್ರತ್ಯಯದಂತೆ ತೋರುವದು. ಆದರೆ ಒರ್ಪಾ ಎಂಬುದರಲ್ಲಿ ಅದು ಹೆಸರಿನ ಭಾಗವು. ದಾಬೆಕಾ ಎಂಬುದರಲ್ಲಿ ಅದು ಕ್ರಿಯಾಪದದ ಆಖ್ಯಾತಪ್ರತ್ಯಯವು, ನಮ್ಮ ‘ಅಳು’ ಎಂಬುದಕ್ಕೆ ಸಮಾನವಾದದ್ದು. ಇನ್ನೆರಡರಲ್ಲಿ ಮಾತ್ರ ಅದು ‘ಅವಳ, ಅವಳು’ ಎಂಬ ಸರ್ವನಾಮ. ಇಬ್ರಿಯ ಪಾಠಕ್ಕೆ ಸ್ವರಚಿಹ್ನೆಗಳನ್ನು ಹಾಕಿದ ಪೂರ್ವಿಕ ಪಂಡಿತರು ಈ ಭೇದವು ಕಳೆದುಹೋಗದಂತೆ, ಸರ್ವನಾಮವಾದ ಹಕಾರದ ಹೊಟ್ಟೆಯಲ್ಲಿ ಒಂದು ಚಿಕ್ಕ ಚುಕ್ಕೆಯನ್ನಿಟ್ಟರು. ಅದಕ್ಕೆ ಮಪ್ಪೀಕ್ ಎಂದು ಹೆಸರು. ಚುಕ್ಕೆಯಿದ್ದಲ್ಲಿ ಹಕಾರವು ನುಡಿಯಲ್ಪಡುವದು, ಇಲ್ಲದಲ್ಲಿ ಬರೇ ದೀರ್ಘಸ್ವರದ ಗುರುತು. ಆದದರಿಂದಲೇ ನಾವು ಎರಡು ಕಡೆ ‘ಆ’ ಎಂದೂ ಎರಡು ಕಡೆ ‘ಆಹ್’ ಎಂದೂ ಬರೆದೆವು, ಟೀಕೆಯಲ್ಲಿಯೂ ‘ಸರ್ವ’ ಎಂಬ ಸಂಕ್ಷೇಪವನ್ನು ಎರಡೇ ಕಡೆ ಇಟ್ಟೆವು. ಅಗ್ಗದ ಮುದ್ರಣದಲ್ಲಿ ಆ ಚುಕ್ಕೆಯು ಅಳಿಸಿಹೋಗಿರುವದುಂಟು. ಸಂಶಯ ಬಂದರೆ ಪದವು ಕ್ರಿಯೆಯೋ ನಾಮವೋ ಎಂದು ಮೊದಲು ನೋಡತಕ್ಕದ್ದು.

ಸ್ತ್ರೀಲಿಂಗದ ಈ ಗುರುತುಗಳನ್ನು ನಮ್ಮ ಕಡೆಯ ಹುಡುಗಿಯರು ಎಲ್ಲರೂ ಒಂದೇ ಸಮನಾಗಿ ಹಿಡಿಯುವದಿಲ್ಲ, ಅದಕ್ಕೆ ಮನೆಮಾತೇ ಕಾರಣ. ತುಳುವರ ಮನೆಯವಳಿಗೆ ‘ಬತ್ತೆ’ ಎಂದರೆ ಬಂದವನು, ‘ಬತ್ತಳ್’ ಎಂದರೆ ಬಂದವಳು. ಶಿಷ್ಟ ಕನ್ನಡದ ‘ಅನು, ಅಳು’ ಎಂಬಂತೆಯೇ. ಹವ್ಯಕರ ಮನೆಯಲ್ಲಿಯಾದರೋ ‘ಅಕ್ಕ ಬಂತು’ ಎನ್ನುತ್ತಾರೆ. ಸ್ತ್ರೀಗೂ ಕರುವಿಗೂ ಕ್ರಿಯಾಪದವು ಒಂದೇ. ಅಲ್ಲಿಂದ ಬಂದವಳು ‘ದಾಬೆಕ್-ಆ’ ಎಂಬಲ್ಲಿನ ‘ಆ’ವನ್ನು ಕಂಡು ಇದರ ಕೆಲಸವೇನೆಂದು ಕೇಳಿದರೆ ಅದು ಮಂದಬುದ್ಧಿಯಲ್ಲ. ಅವಳ ಮನೆಮಾತಿನಲ್ಲಿ ಆ ತುಂಡಿಗೆ ಸ್ಥಳವೇ ಇಲ್ಲ. ಅಂಥವಳಿಗೆ ‘ಬಂತು’ ಎಂಬುದನ್ನೇ ಮೊದಲು ತುಂಡರಿಸಲು ಕೊಟ್ಟು, ಅದರ ಕೆಳಗೆ ಲಿಂಗವನ್ನು ಏನೆಂದು ಬರೆಯುವಳೋ ನೋಡುವದು ಒಳ್ಳೆಯ ಉಪಾಯವು.

‘ವೆರೂತ್’ ಎಂಬುದರ ಕೆಳಗೆ ‘ಆದರೆ’ ಎಂದು ಬರೆಯದೆ ‘ಸಮು’ ಎಂದಷ್ಟೇ ಇಟ್ಟದ್ದೂ ಬೇಕೆಂದೇ. ಭಾಷಾಂತರಗಳಲ್ಲಿ ‘ಆದರೆ ರೂತಳು’ ಎಂಬರ್ಥದ ಮಾತು ಸಾಧಾರಣವಾಗಿ ಕಂಡುಬರುತ್ತದೆ, ಅದು ತಪ್ಪೂ ಅಲ್ಲ. ಆದರೆ ಮೂಲದಲ್ಲಿ ‘ಆದರೆ’ ಎಂಬ ಪದವಿಲ್ಲ. ‘ಮತ್ತು’ ಎಂಬ ‘ವೆ’ಕಾರವೇ ಇದೆ. ವಿರೋಧವು ಹುಟ್ಟುವದು ಪದಗಳ ಸ್ಥಾನದಿಂದ. ಒರ್ಪಳ ವಾಕ್ಯದಲ್ಲಿ ಕ್ರಿಯೆಯು ಮೊದಲು, ಹೆಸರು ಆಮೇಲೆ. ಇಬ್ರಿಯ ಕಥನದಲ್ಲಿ ಅದೇ ವಾಡಿಕೆಯು. ರೂತಳ ವಾಕ್ಯದಲ್ಲಿ ಹೆಸರು ಮುಂದೆ ಬಂತು, ಕಥನರೂಪದ ಸರಣಿಯು ಕಡಿದು ಪೂರ್ಣರೂಪವು ನಿಂತಿತು. ಕಥೆ ಹೇಳುವವನು ಒರ್ಪಳಿಂದ ಕಣ್ಣೆತ್ತಿ ರೂತಳ ಕಡೆಗೆ ತಿರುಗಿದನು. ಟೀಕೆಯಲ್ಲಿ ‘ಆದರೆ’ ಎಂದು ಬರೆದುಬಿಟ್ಟರೆ, ವಿರೋಧವು ಆ ಚಿಕ್ಕ ‘ವೆ’ಕಾರದಲ್ಲಿದೆಯೆಂದು ಓದುವವಳು ನಂಬುವಳು, ನಿಜವಾಗಿ ಅದು ಎಲ್ಲಿದೆಯೋ ಅಲ್ಲಿ ನೋಡಲಾರಳು. ಸರಳಾನುವಾದದಲ್ಲಿ ‘ರೂತಳೋ’ ಎಂಬ ಓಕಾರದಿಂದ ಆ ತಿರುವನ್ನು ತೋರಿಸಿದೆವು.

ಒರ್ಪಳು ಹೊರಟುಹೋದಳೆಂಬುದೂ ಈ ಆರು ಪದಗಳಲ್ಲಿಲ್ಲ. ಹಳೆಯ ಗ್ರೀಕ್ ಭಾಷಾಂತರವು ಅವಳು ತನ್ನ ಜನರ ಬಳಿಗೆ ತಿರುಗಿಹೋದಳೆಂದು ಇಲ್ಲಿಯೇ ಸೇರಿಸಿದೆ. ಇಬ್ರಿಯ ಪಾಠದಲ್ಲಿ ಆ ಸಂಗತಿಯು ಮುಂದಿನ ವಚನದಲ್ಲಿ ನೊವೊಮಿಯ ಬಾಯಿಂದ ಹೊರಡುವದು. ಹದಿಮೂರು ತುಂಡುಗಳನ್ನು ಎಣಿಸಿ ಇಟ್ಟವಳಿಗೆ ಹದಿನಾಲ್ಕನೆಯದು ಹೊರಗಿನಿಂದ ಬಂದದ್ದೆಂದು ತಟ್ಟನೆ ಗೊತ್ತಾಗುತ್ತದೆ. ಹಾಗೆಯೇ ‘ಬಾಹ್’ ಎಂಬುದರ ಕೆಳಗೆ ‘ನೊವೊಮಿಯಲ್ಲಿ’ ಎಂದು ಬರೆಯಬಾರದು. ಅವಳು ನೊವೊಮಿಯೆಂಬದು ನಿಜವೇ; ಆದರೆ ಅದನ್ನು ಹೇಳಿದ್ದು ಕಥೆ, ಪ್ರತ್ಯಯವಲ್ಲ.

ಪುಟದ ಮೇಲೆ ಸಾಲುಗಳನ್ನು ಹೊಂದಿಸುವ ವಿಷಯದಲ್ಲಿ ಒಂದು ಮಾತು. ಕೈಯಲ್ಲಿ ಬರೆಯುವವರು ಮೊದಲೇ ನಿಂತ ಗೆರೆಗಳನ್ನು ಎಳೆದುಕೊಳ್ಳಲಿ. ಪ್ರತಿ ಅಂಕಣದ ಅಗಲವನ್ನು ಟೀಕೆಯ ಸಾಲಿನಿಂದ ಅಳೆಯಬೇಕು, ಅದೇ ಯಾವಾಗಲೂ ಉದ್ದವಾದದ್ದು. ಗಣಕಯಂತ್ರದಲ್ಲಿ ಬರೆಯುವವರು ಪದಗಳ ನಡುವೆ ಖಾಲಿ ಜಾಗವನ್ನು ಒತ್ತೊತ್ತಿ ಹೊಂದಿಸಬಾರದು. ಕನ್ನಡದಲ್ಲಿ ‘ಸ್ತ್ರೀ’ಗೂ ‘ಏ’ಗೂ ಅಗಲವು ಒಂದೇ ಅಲ್ಲ, ಅಕ್ಷರದ ಅಚ್ಚು ಬದಲಾದೊಡನೆ ಎಲ್ಲವೂ ಜಾರುವದು. ಕೋಷ್ಟಕವನ್ನೇ ಮಾಡಿ, ಒಂದೊಂದು ಪದವನ್ನು ಒಂದೊಂದು ಮನೆಯಲ್ಲಿಡಬೇಕು. ಆರು ಪದಗಳು ಒಂದೇ ಸಾಲಿಗೆ ಹಿಡಿಯದಿದ್ದರೆ, ನಾವು ಮಾಡಿದಂತೆ ವಾಕ್ಯವು ಮುಗಿಯುವಲ್ಲಿ ಒಡೆಯಬೇಕು. ಪದದ ನಡುವೆ ಎಂದಿಗೂ ಅಲ್ಲ. ಕೊನೆಗೆ ಗೆರೆಗಳನ್ನು ಎಣಿಸಿರಿ. ಮೇಲಿನ ಕೋಷ್ಟಕದಲ್ಲಿ ತುಂಡಿನ ಸಾಲಿಗೆ ನಾಲ್ಕು, ಟೀಕೆಯ ಸಾಲಿಗೆ ನಾಲ್ಕು. ಕೆಳಗಿನದರಲ್ಲಿ ಮೂರು, ಮೂರು.

ಅಭ್ಯಾಸವನ್ನು ಮುಂದುವರಿಸಬಯಸುವವರು ಅದೇ ಗ್ರಂಥದ ಎರಡನೆಯ ಅಧ್ಯಾಯಕ್ಕೆ ಹೋಗಲಿ. ‘ದಾಬೆಕಾ’ ಎಂಬುದರ ಧಾತುವು ಅಲ್ಲಿ ೮, ೨೧, ೨೩ನೆಯ ವಚನಗಳಲ್ಲಿ ಮತ್ತೆ ಮೂರು ಸಾರಿ ಬರುತ್ತದೆ; ಈ ಸಲ ರೂತಳು ಹೊಲದ ಕೆಲಸದವರ ಸಂಗಡ ಇರತಕ್ಕ ಮಾತು. ಕನ್ನಡಕ್ಕೆ ಹಿತವಾಗಲೆಂದು ಅಲ್ಲಿ ‘ಜೊತೆಗಿರು’ ಎಂದು ಬರೆಯುವ ಆಸೆಯಾಗುವದು. ಸರಳಾನುವಾದದಲ್ಲಿ ಹಾಗೆಯೇ ಬರೆಯಲಿ. ಟೀಕೆಯ ಸಾಲಿನಲ್ಲಿ ಮೂರು ಕಡೆಯೂ ‘ಅಂಟಿಕೊಳ್ಳು’ ಎಂದೇ ಇರಲಿ. ಅಲ್ಲಿಯ ರೂಪಗಳಲ್ಲಿಯೂ ‘ತಿ’ ಎಂಬ ತುಂಡು ಮೊದಲಲ್ಲಿ ಬರುವದು. ೨೩ನೆಯದರಲ್ಲಿ ಅದು ‘ಅವಳು’. ೮ ಮತ್ತು ೨೧ರಲ್ಲಿ ರೂತಳನ್ನೇ ಉದ್ದೇಶಿಸಿದ ‘ನೀನು’. ಆ ಭೇದವನ್ನು ಯಾವ ಗುರುತಿನಿಂದ ಹಿಡಿದಿರೆಂಬುದನ್ನು ಕೋಷ್ಟಕದ ಕೆಳಗೆ ಒಂದು ಸಾಲಿನಲ್ಲಿ ಬರೆದಿಡತಕ್ಕದ್ದು.